ಡ್ರಾಯಿಂಗಿನ ಗೆರೆ, ಲೇತಿನ ದಾರಿ

ಗ್ರಾಹಕರು ಕಳಿಸಿದ ಡ್ರಾಯಿಂಗ್ ಫೈಲ್ ತೆರೆದು, ಶಾಫ್ಟಿನ ಮೇಲರ್ಧದ ಹೊರಗೆರೆಯನ್ನು ಹಾಗೇ ಎತ್ತಿಕೊಂಡು, ಅದನ್ನೇ ಸಿಎನ್‌ಸಿ ಲೇತಿನ ಪ್ರೊಫೈಲ್ ಮಾಡಿಕೊಳ್ಳುವ ರೂಢಿ ಪೀಣ್ಯದಂಥ ಕಡೆಯ ಸಣ್ಣ ಶೆಡ್‌ಗಳಲ್ಲಿ ಚೆನ್ನಾಗಿ ಬೇರೂರಿದೆ. ಕೆಲಸ ಬೇಗ ಮುಗಿಯುತ್ತದೆ, ಅಳತೆ ತಪ್ಪಾಗಿ ಟೈಪಾಗುವ ಭಯವಿಲ್ಲ. ಮೆಟ್ಟಿಲು ಮೆಟ್ಟಿಲಾದ ಸಾದಾ ಪಿನ್ನಿಗೆ ಈ ಪದ್ಧತಿ ಸಾಕು. ಆದರೆ ಬೇರಿಂಗ್ ಕೂರಬೇಕಾದ, ಲಾಕ್‌ನಟ್ ಬಿಗಿಯಬೇಕಾದ ಶಾಫ್ಟಿಗೆ ಇದು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಡ್ರಾಯಿಂಗಿನ ಗೆರೆ ತಯಾರಾದ ವಸ್ತು ಹೇಗಿರಬೇಕೆಂದು ಹೇಳುತ್ತದೆ. ಯಾವ ಟೂಲು ಅದನ್ನು ಕತ್ತರಿಸುತ್ತದೆ, ಎದುರಿಗೆ ಯಾವ ಭಾಗ ಬಂದು ಕೂರುತ್ತದೆ ಎಂಬುದು ಆ ಗೆರೆಯಲ್ಲಿ ಕಾಣುವುದಿಲ್ಲ.

ಒಂದು ನಿಜವಾದ ತುದಿಯನ್ನೇ ತೆಗೆದುಕೊಳ್ಳೋಣ. 35 ಮಿ.ಮೀ. ಬಾರ್‌ನಲ್ಲಿ 6205 ಬೇರಿಂಗಿಗಾಗಿ 25 ಮಿ.ಮೀ. ಸೀಟು, ಟಾಲರೆನ್ಸ್ ಕೆ6. ಅದರ ಮುಂದೆ ಲಾಕ್‌ನಟ್ಟಿಗೆ ಎಂ25×1.5 ಥ್ರೆಡ್. ಎರಡರ ನಡುವೆ ಥ್ರೆಡ್ ರಿಲೀಫ್, ತುದಿಗೆ 1 ಮಿ.ಮೀ. ಚೇಂಫರ್, ಬೇರಿಂಗ್ ತಾಗುವ ಭುಜದ ಮೂಲೆಯಲ್ಲಿ 0.8 ರೇಡಿಯಸ್.

ಡ್ರಾಯಿಂಗಿನಲ್ಲಿ ಥ್ರೆಡ್ ಮತ್ತು ಸೀಟು ಎರಡೂ 25 ಮಿ.ಮೀ. ವ್ಯಾಸದ ಒಂದೇ ಮಟ್ಟದ ಗೆರೆ. ಮೊದಲ ತಪ್ಪು ಇಲ್ಲೇ ಹುಟ್ಟುತ್ತದೆ. ಕೆ6 ಎಂದರೆ ಸೀಟಿನ ವ್ಯಾಸ 25.002ರಿಂದ 25.015ರೊಳಗೆ ಇರಬೇಕು. ಎಂ25×1.5 ಥ್ರೆಡ್ಡಿನ ಹೊರವ್ಯಾಸ, ಸಾಮಾನ್ಯ 6ಜಿ ಟಾಲರೆನ್ಸಿನಲ್ಲಿ, 24.732ರಿಂದ 24.968ರೊಳಗೆ. ಎರಡನ್ನೂ 25.008ಕ್ಕೆ ತಿರುವಿದರೆ ಥ್ರೆಡ್ಡಿನ ಹೊರವ್ಯಾಸ ಮಿತಿ ಮೀರುತ್ತದೆ. ಅಳೆಯದೆ ಮುಂದೆ ಕಳಿಸಿದರೆ ಇನ್ನೂ ಕಷ್ಟ: ಬೇರಿಂಗ್ ಥ್ರೆಡ್ಡಿನ ಮೇಲೆ ಹಾದು ಸೀಟಿಗೆ ಹೋಗಬೇಕು, ಹೋಗುವಾಗ ಥ್ರೆಡ್ಡಿನ ಚೂಪು ತಲೆಗಳು ಒಳರಿಂಗಿನ ಬೋರಿಗೆ ಗೀರು ಹಾಕುತ್ತವೆ. ಹಾಗಾಗಿ ಪ್ರೊಫೈಲ್ ಬರೆಯುವಾಗ ಪ್ರತಿ ವ್ಯಾಸಕ್ಕೂ ಅದರ ಟಾಲರೆನ್ಸಿನ ಒಳಗಿನ ಅಂಕಿಯನ್ನೇ ಕೊಡಬೇಕು: ಥ್ರೆಡ್ಡಿಗೆ 24.85, ಸೀಟಿಗೆ 25.008.

ಎರಡನೆಯದು ರಿಲೀಫ್. ಡಿನ್ 76ರ ಪ್ರಕಾರ 1.5 ಪಿಚ್ಚಿಗೆ ರಿಲೀಫಿನ ವ್ಯಾಸ ಥ್ರೆಡ್ಡಿಗಿಂತ 2.3 ಕಡಿಮೆ, ಅಂದರೆ 22.7. ತಳದ ಅಗಲ ಕನಿಷ್ಠ 3.2, ಮೇಲಿನ ಬಾಯಿ 5.2ಕ್ಕೆ ಮೀರಬಾರದು, ಥ್ರೆಡ್ಡಿನ ಕಡೆ 30 ಡಿಗ್ರಿ ಇಳಿಜಾರು. ಥ್ರೆಡ್ಡಿನ ಬೇರು 23.16ರಲ್ಲಿರುವುದರಿಂದ ಇನ್ಸರ್ಟಿನ ಮೂತಿ ಪೂರ್ತಿ ಆಳದಲ್ಲಿದ್ದುಕೊಂಡೇ ಖಾಲಿ ಜಾಗಕ್ಕೆ ಹೊರಬರುತ್ತದೆ. ಈ ತಗ್ಗನ್ನೂ ಸೇರಿಸಿದ ಪ್ರೊಫೈಲನ್ನು G71 ರಫಿಂಗ್ ಸೈಕಲ್ಲಿಗೆ ಕೊಟ್ಟರೆ, ವ್ಯಾಸ ಏರುತ್ತಲೇ ಹೋಗಬೇಕೆಂದು ಬಯಸುವ ಮೊದಲ ಬಗೆಯ ಸೈಕಲ್ ಅಲಾರಂ ಕೊಟ್ಟು ನಿಲ್ಲುತ್ತದೆ. ಅದು ಒಳ್ಳೆಯದೇ. ತಗ್ಗನ್ನು ಒಪ್ಪಿಕೊಳ್ಳುವ ಎರಡನೆಯ ಬಗೆಯಲ್ಲಿ ಅಪಾಯ ಹೆಚ್ಚು, ಏಕೆಂದರೆ 80 ಡಿಗ್ರಿ ಇನ್ಸರ್ಟನ್ನು 95 ಡಿಗ್ರಿ ಹೋಲ್ಡರಿನಲ್ಲಿ ಹಿಡಿದಾಗ ಹಿಂದಿನ ಅಂಚಿಗೆ ಉಳಿಯುವ ತೆರವು 5 ಡಿಗ್ರಿ ಮಾತ್ರ. ಅದು 30 ಡಿಗ್ರಿ ಇಳಿಜಾರಿನಲ್ಲಿ ಇಳಿಯಲಾರದೆ ಹಿಂದಂಚಿನಿಂದ ಲೋಹವನ್ನು ಉಜ್ಜುತ್ತದೆ. 55 ಡಿಗ್ರಿ ಇನ್ಸರ್ಟಿನಲ್ಲೂ ತೆರವು ಹೆಚ್ಚುಕಡಿಮೆ 30ರ ಗಡಿಯಲ್ಲೇ ನಿಲ್ಲುತ್ತದೆ.

ಆದ್ದರಿಂದ ಮುಖ್ಯ ಪ್ರೊಫೈಲಿನಲ್ಲಿ ರಿಲೀಫ್ ಇಲ್ಲವೇ ಇಲ್ಲ ಎಂಬಂತೆ ಗೆರೆಯನ್ನು ನೇರವಾಗಿ ಸಾಗಿಸಬೇಕು:

```
N100 G00 G42 X20.85
N110 G01 X24.85 Z-1.0 F0.12
N120 Z-20.0
N130 X25.008
N140 Z-40.2
N150 G02 X26.608 Z-41.0 R0.8
N160 G01 X33.0
N170 X36.0 Z-42.5
```

ಸೈಕಲ್ಲಿಗೆ ಮೊದಲು ಟೂಲು Z1.0ರಲ್ಲಿ ನಿಂತಿರುತ್ತದೆ. ಚೇಂಫರ್ ಗೆರೆ ಲೋಹದ ಹೊರಗಿನಿಂದಲೇ ಶುರುವಾಗಿ, ಮುಖವನ್ನು 22.85 ವ್ಯಾಸದಲ್ಲಿ ದಾಟುತ್ತದೆ. ಫಿನಿಶಿಂಗ್ ಮುಗಿದ ಮೇಲೆ ಗ್ರೂವಿಂಗ್ ಟೂಲು ಬಂದು Z-20ರ ಗೋಡೆಯಿಂದ ಹೊರಗಡೆಗೆ ರಿಲೀಫ್ ಕತ್ತರಿಸಿ, ಸೀಟಿನ ಮುಂದಂಚಿಗೂ ಸಣ್ಣ ಚೇಂಫರ್ ಕೊಡುತ್ತದೆ. ಥ್ರೆಡಿಂಗ್ ಕೊನೆಗೆ. ಥ್ರೆಡ್ ಇನ್ಸರ್ಟಿನ ಮೂತಿ ಅದರ ಬದಿಯಿಂದ ಸುಮಾರು 1 ಮಿ.ಮೀ. ಒಳಗಿರುವುದರಿಂದ, ಸೈಕಲ್ಲಿನ ಕೊನೆ Z-18ರಲ್ಲಿದ್ದರೆ ಸೀಟಿನ ಗೋಡೆಗೆ ಇನ್ನೂ 1 ಮಿ.ಮೀ. ಬಿಡುವಿರುತ್ತದೆ. ಗೋಡೆಗೇ ಕೊನೆ ಕೊಟ್ಟರೆ ಇನ್ಸರ್ಟಿನ ಬದಿ ಹೋಗಿ ಗುದ್ದುತ್ತದೆ.

ಈ ರೂಢಿಯ ಮೇಲೆ ನನ್ನ ದೊಡ್ಡ ಆಕ್ಷೇಪ ಮೇಲಿನ ಕೋಡಿನ ಮೊದಲ ಸಾಲಿನ G42ಕ್ಕೆ ಸಂಬಂಧಿಸಿದ್ದು. ಎಷ್ಟೋ ಪ್ರೋಗ್ರಾಂಗಳಲ್ಲಿ ಅದು ಇರುವುದೇ ಇಲ್ಲ. ಇನ್ಸರ್ಟಿನ ಮೂತಿ ಚೂಪಾಗಿಲ್ಲ, ಅಲ್ಲಿ 0.4 ಅಥವಾ 0.8ರ ರೇಡಿಯಸ್ ಇದೆ. ಟೂಲ್ ಸೆಟ್ ಮಾಡುವಾಗ ಅದರ ಮುಂಬದಿಯನ್ನೂ ತಳವನ್ನೂ ಮುಟ್ಟಿಸಿ ಅಳೆಯುತ್ತೇವೆ. ಆ ಎರಡು ಸೇರುವ ಬಿಂದು ಗಾಳಿಯಲ್ಲಿದೆ, ಪ್ರೋಗ್ರಾಂ ನಡೆಸುವುದು ಆ ಬಿಂದುವನ್ನು. ಅಕ್ಷಕ್ಕೆ ಸಮಾನಾಂತರವಾದ ವ್ಯಾಸದಲ್ಲಿ, ಅಡ್ಡ ಮುಖದಲ್ಲಿ ಇದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಮೈಕ್ರೋಮೀಟರ್ ಹಿಡಿದರೆ ಎಲ್ಲ ಸರಿ. ವ್ಯತ್ಯಾಸವಾಗುವುದು ಓರೆಯಲ್ಲಿ ಮತ್ತು ಕಮಾನಿನಲ್ಲಿ ಮಾತ್ರ, ಅವನ್ನು ಯಾರೂ ಅಳೆಯುವುದಿಲ್ಲ. ತಪ್ಪು ವರ್ಷಗಟ್ಟಲೆ ಸಿಕ್ಕಿಬೀಳದೆ ಇರುವುದು ಹೀಗೆ.

ಲೆಕ್ಕ ಸುಲಭ. 45 ಡಿಗ್ರಿ ಚೇಂಫರಿನ ಪ್ರತಿ ಬದಿಯೂ ಮೂತಿಯ ರೇಡಿಯಸ್ಸಿನ 0.586 ಪಾಲಿನಷ್ಟು ಕುಗ್ಗುತ್ತದೆ. 0.4 ಮೂತಿಗೆ ಅದು 0.23. ನಮ್ಮ 1 ಮಿ.ಮೀ. ಚೇಂಫರ್ 0.77 ಆಗಿ, ಮುಖದಲ್ಲಿ ವ್ಯಾಸ 22.85ರ ಬದಲು 23.3 ಉಳಿಯುತ್ತದೆ. ಥ್ರೆಡ್ಡಿನ ಬೇರು 23.16, ಅಂದರೆ ಚೇಂಫರ್ ಬೇರಿಗಿಂತ ಮೇಲೆ ನಿಂತಿತು. ಮೊದಲ ಎಳೆ ತೆಳು ಬರ್ ಆಗಿ ಮುಖದ ಕಡೆ ಮಡಚಿಕೊಂಡು, ನಟ್ ಹತ್ತುವಾಗಲೇ ಹಿಡಿಯುತ್ತದೆ. ಆಪರೇಟರ್ ಫೈಲ್ ತೆಗೆದುಕೊಂಡು ಉಜ್ಜುತ್ತಾನೆ, ಕಾರಣ ಪ್ರೋಗ್ರಾಂನಲ್ಲೇ ಉಳಿಯುತ್ತದೆ.

ಭುಜದ ಮೂಲೆಯಲ್ಲಿ ಪರಿಣಾಮ ತಿರುಗುಮುರುಗು. ಒಳಮೂಲೆಯ ರೇಡಿಯಸ್ಸಿಗೆ ಮೂತಿಯ ರೇಡಿಯಸ್ ಕೂಡಿಕೊಳ್ಳುತ್ತದೆ: 0.8 ಬರೆದರೆ 1.2 ಸಿಗುತ್ತದೆ. 6205ರ ಒಳರಿಂಗಿನ ಮೂಲೆಗೆ ಖಾತ್ರಿಯಿರುವ ಕನಿಷ್ಠ ಅಳತೆ 1.0. ಬೇರಿಂಗ್ ಭುಜಕ್ಕೆ ತಾಗುವ ಮೊದಲೇ ಕಮಾನಿನ ಮೇಲೆ ಏರಿ ಕೂರಬಹುದು. ಲಾಕ್‌ನಟ್ ಎಷ್ಟು ಬಿಗಿದರೂ ಅದು ನೆಟ್ಟಗೆ ಕುಳಿತಿದೆ ಎನ್ನಲಾಗದು.

ಪರಿಹಾರವಾಗಿ G42 ಬರೆದರಷ್ಟೇ ಸಾಲದು. ಆಫ್‌ಸೆಟ್ ಪುಟದಲ್ಲಿ ಆ ಟೂಲಿನ ಎದುರು R0.4, ಹೊರಮೈ ತಿರುವುವ ಟೂಲಿಗೆ ಮೂತಿಯ ದಿಕ್ಕು T3 ತುಂಬಿರಬೇಕು. R ಸೊನ್ನೆಯಿದ್ದರೆ G42 ಇದ್ದೂ ಇಲ್ಲದಂತೆ. ಸಾಫ್ಟ್‌ವೇರ್ ಮೊದಲೇ ಮೂತಿಯ ಲೆಕ್ಕ ಸೇರಿಸಿ ದಾರಿ ಕೊಟ್ಟಿದ್ದರೆ ಮತ್ತೆ G42 ಹಾಕಬಾರದು, ತಿದ್ದುಪಡಿ ಎರಡು ಬಾರಿ ಆಗುತ್ತದೆ. ಶೆಡ್ಡಿನಲ್ಲಿ ಎರಡರಲ್ಲಿ ಒಂದನ್ನು ನಿಯಮ ಮಾಡಿಕೊಳ್ಳಬೇಕು. ಇನ್ಸರ್ಟ್ ಬದಲಾದಾಗ R ಬದಲಿಸಿದರೆ ಸಾಕಾಗುವುದರಿಂದ ಯಂತ್ರದಲ್ಲೇ ತಿದ್ದುವುದು ನನಗೆ ಮೇಲು.

ಸರ್ಕ್ಲಿಪ್ ಗ್ರೂವಿನ ಬಗ್ಗೆ ಒಂದೇ ಮಾತು. ಶಾಫ್ಟಿನ ಇನ್ನೊಂದು ತುದಿಯಲ್ಲಿ 25 ಮಿ.ಮೀ. ವ್ಯಾಸದ ಮೇಲೆ ಅದಿದ್ದರೆ, ಡಿನ್ 471ರಂತೆ ತಳ 23.9, ಅಗಲ 1.3. ಆಳ ಬರೀ 0.55. ಎಲ್ಲ ಅಂಚಿಗೂ 0.3 ಚೇಂಫರ್ ಕೊಡುವ ಸಾಫ್ಟ್‌ವೇರ್ ಸೌಲಭ್ಯವನ್ನು ಇಲ್ಲಿ ಬಳಸಿದರೆ, ಕ್ಲಿಪ್ಪನ್ನು ತಡೆಯುವ ಗೋಡೆಯ ಅರ್ಧಕ್ಕಿಂತ ಹೆಚ್ಚು ಹೋಯಿತು. ಭಾರ ಹೊರುವ ಅಂಚು ಚೂಪಾಗಿಯೇ ಉಳಿಯಲಿ, ಬರ್ ಮಾತ್ರ ತೆಗೆಯಲಿ.

ಮೊದಲ ಶಾಫ್ಟ್ ಬಂದಾಗ ಮೈಕ್ರೋಮೀಟರ್ ಜೊತೆಗೆ ರೇಡಿಯಸ್ ಗೇಜನ್ನೂ ಹೊರತೆಗೆಯಬೇಕು, ಮುಖದ ಚೇಂಫರಿನ ವ್ಯಾಸವನ್ನು ಪ್ರೊಫೈಲ್ ಪ್ರೊಜೆಕ್ಟರಿನಲ್ಲಿ ನೋಡಬೇಕು. ಪ್ರೊಜೆಕ್ಟರ್ ಇಲ್ಲದ ಕಡೆ ಬೇರಿಂಗನ್ನೇ ಕೂರಿಸಿ, ಒಳರಿಂಗ್ ಮತ್ತು ಭುಜದ ನಡುವೆ 0.03ರ ಫೀಲರ್ ಹಾಕಿ ನೋಡಬಹುದು. ಅದು ಸುತ್ತಲೂ ಒಳಹೋದರೆ, ಬೇರಿಂಗನ್ನು ಮತ್ತೆ ಒತ್ತುವ ಮೊದಲು ಆಫ್‌ಸೆಟ್ ಪುಟದ R ಕಾಲಂ ನೋಡಿ.