ತಪ್ಪು ಲಗತ್ತು ಹೋದ ಮೇಲೆ

ಕೆಲಸದ ಅರ್ಜಿಯ ಇಮೇಲ್‌ನಲ್ಲಿ ತಪ್ಪು ಫೈಲ್ ಹೋಗುವುದು ಹೆಚ್ಚಾಗಿ ಎರಡು ಬಗೆಯಲ್ಲಿ. ಹೊಸದರ ಬದಲು ಹಳೆಯ ರೆಸ್ಯೂಮೆ ಹೋಗುತ್ತದೆ, ಇಲ್ಲವೇ ಬೇರೆ ಕಂಪನಿಗೆಂದು ಬರೆದ ಕವರ್ ಲೆಟರ್ ಹೋಗುತ್ತದೆ. ಇವುಗಳಲ್ಲಿ ಎರಡನೆಯದೇ ಹೆಚ್ಚು ಹಾನಿಕರ. ಹಳೆಯ ರೆಸ್ಯೂಮೆಯಲ್ಲಿ ಅನುಭವ ಕಡಿಮೆ ಕಾಣಬಹುದು, ಆದರೂ ಅಲ್ಲಿರುವುದು ಅರ್ಜಿದಾರರದೇ ವಿವರ. ಬೇರೆ ಕಂಪನಿಯ ಹೆಸರು ಹೊತ್ತ ಪತ್ರವನ್ನು ಓದಿದವರಿಗೆ ಮಾತ್ರ, ಅರ್ಜಿದಾರರಿಗೆ ಈ ಕೆಲಸ ನಿಜಕ್ಕೂ ಬೇಕೇ ಎಂಬ ಅನುಮಾನ ಮೂಡುತ್ತದೆ.

ಕಳುಹಿಸಿದ್ದನ್ನು ವಾಪಸ್ ಪಡೆಯುವ ಅವಕಾಶ ತೀರಾ ಚಿಕ್ಕದು. ಜಿಮೇಲ್‌ನಲ್ಲಿ Undo ಒತ್ತಲು ಸಿಗುವುದು 5 ಸೆಕೆಂಡು. ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಂಡರೆ ಹೆಚ್ಚೆಂದರೆ 30 ಸೆಕೆಂಡು. ಅದು ದಾಟಿದರೆ ಇಮೇಲ್ ಹೋದಂತೆಯೇ. ಔಟ್‌ಲುಕ್‌ನ ರೀಕಾಲ್ ಕೆಲಸ ಮಾಡುವುದು ಒಂದೇ ಸಂಸ್ಥೆಯ ಒಳಗಿನ ಖಾತೆಗಳ ನಡುವೆ ಮಾತ್ರ. ಹೊರಗಿನಿಂದ ಅರ್ಜಿ ಹಾಕುವವರು ಅದನ್ನು ಬಳಸಿದರೆ ಫೈಲ್ ವಾಪಸ್ ಬರುವುದಿಲ್ಲ, ಬದಲಿಗೆ ವಾಪಸ್ ಪಡೆಯಲು ಯತ್ನಿಸಿದ ಸೂಚನೆ ಕೆಲವೊಮ್ಮೆ ಆ ಕಡೆಗೆ ತಲುಪುತ್ತದೆ. ಹಾಗಾಗಿ ಉಳಿಯುವ ದಾರಿ ಮರು ಇಮೇಲ್ ಒಂದೇ.

ಅದನ್ನು ಕಳುಹಿಸಬೇಕೇ ಎಂಬುದನ್ನು ತಪ್ಪಿನ ತೂಕ ನೋಡಿ ತೀರ್ಮಾನಿಸಬೇಕು. ತಪ್ಪು ಫೈಲ್ ಓದಿದವರು ಅರ್ಜಿದಾರರ ಬಗ್ಗೆ ಬೇರೆಯದೇ ಅಭಿಪ್ರಾಯಕ್ಕೆ ಬರುತ್ತಾರೆಂದಾದರೆ ಕಳುಹಿಸಲೇಬೇಕು. ಈಗಿನ ಉದ್ಯೋಗವೇ ಬಿಟ್ಟುಹೋದ ರೆಸ್ಯೂಮೆ, ಬೇರೆ ಸಂಸ್ಥೆಯ ಹೆಸರು, ಕಾಮೆಂಟುಗಳು ಹಾಗೇ ಉಳಿದಿರುವ ಕರಡು, ಇವೆಲ್ಲ ಆ ಸಾಲಿಗೆ ಸೇರುತ್ತವೆ. ಒಂದು ಕಾಗುಣಿತ ದೋಷಕ್ಕೋ ಅಂಚಿನ ಅಳತೆ ತಪ್ಪಿದ್ದಕ್ಕೋ ಮರು ಇಮೇಲ್ ಬೇಡ. ಓದುವವರು ಗಮನಿಸದೇ ಹೋಗಬಹುದಾದ ದೋಷವನ್ನು ಅರ್ಜಿದಾರರೇ ಬೊಟ್ಟು ಮಾಡಿ ತೋರಿಸಿದಂತಾಗುತ್ತದೆ. ಆದರೆ ಮೊಬೈಲ್ ಸಂಖ್ಯೆಯ ಒಂದು ಅಂಕಿ ತಪ್ಪಿದ್ದರೂ ಅದು ದೊಡ್ಡ ತಪ್ಪೇ, ಏಕೆಂದರೆ ಸಂದರ್ಶನದ ಕರೆ ಬರುವುದೇ ಆ ಸಂಖ್ಯೆಗೆ.

ಒಂದು ಸಂದರ್ಭವನ್ನು ನೋಡಬಹುದು. ಬಿ.ಕಾಂ. ಮುಗಿಸಿ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೆಲಸದಲ್ಲಿರುವ ಒಬ್ಬರು ಲೆಕ್ಕಪತ್ರ ಸಹಾಯಕ ಹುದ್ದೆಗೆ ಬೆಳಿಗ್ಗೆ ಅರ್ಜಿ ಕಳುಹಿಸುತ್ತಾರೆ. ಮಧ್ಯಾಹ್ನ Sent ತೆರೆದು ನೋಡಿದರೆ ರೆಸ್ಯೂಮೆ ಸರಿಯಾಗಿದೆ, ಪತ್ರದಲ್ಲಿ ಮಾತ್ರ ಹಿಂದಿನ ವಾರ ಅರ್ಜಿ ಹಾಕಿದ್ದ ಕಂಪನಿಯ ಹೆಸರಿದೆ. ಆಗ ಅದೇ ಇಮೇಲ್ ತೆರೆದು Reply ಒತ್ತಬೇಕು. Forward ಒತ್ತಿದರೆ ಹಳೆಯ ಲಗತ್ತುಗಳೂ ಜೊತೆಗೆ ಬರುತ್ತವೆ, ತಪ್ಪು ಪತ್ರ ಮತ್ತೊಮ್ಮೆ ಹೋಗುತ್ತದೆ. Reply ಕೊಟ್ಟಾಗ ಲಗತ್ತುಗಳು ಬರುವುದಿಲ್ಲ, ಸರಿಯಾದುದನ್ನು ಹೊಸದಾಗಿ ಸೇರಿಸಬೇಕು. To ಜಾಗದಲ್ಲಿ ಕಂಪನಿಯ ವಿಳಾಸವೇ ಇದೆಯೇ ಎಂದು ನೋಡಿಕೊಳ್ಳಬೇಕು. ವಿಷಯದ ಸಾಲನ್ನು ಬದಲಿಸಬಾರದು; ಅದರಲ್ಲಿ ಹುದ್ದೆಯ ಹೆಸರಿರುತ್ತದೆ, ಬದಲಿಸಿದರೆ ಜಿಮೇಲ್‌ನಲ್ಲಿ ಎರಡು ಇಮೇಲ್‌ಗಳು ಬೇರೆಬೇರೆಯಾಗಿಬಿಡುತ್ತವೆ. ರೆಸ್ಯೂಮೆ ಮೊದಲೇ ಸರಿಯಿದ್ದರೂ ಅದನ್ನು ಮತ್ತೆ ಲಗತ್ತಿಸುವುದು ಒಳ್ಳೆಯದು. ಆಗ ಎಚ್‌ಆರ್ ಸಿಬ್ಬಂದಿ ಈ ಒಂದು ಇಮೇಲ್ ಇಟ್ಟುಕೊಂಡರೆ ಸಾಕು.

ಬರಹ ನಾಲ್ಕು ಸಾಲು ದಾಟಬಾರದು. ಇಂಗ್ಲಿಷಿನಲ್ಲಿ ಬರೆದರೂ ತಿರುಳು ಇಷ್ಟೇ:

"ಮಾನ್ಯರೇ, ಲೆಕ್ಕಪತ್ರ ಸಹಾಯಕ ಹುದ್ದೆಗೆ ಇಂದು ಬೆಳಿಗ್ಗೆ ಕಳುಹಿಸಿದ ಅರ್ಜಿಯಲ್ಲಿ ತಪ್ಪು ಪತ್ರ ಲಗತ್ತಾಗಿದೆ. ಕ್ಷಮಿಸಿ. ಸರಿಯಾದ ಪತ್ರ ಮತ್ತು ರೆಸ್ಯೂಮೆಯನ್ನು ಇಲ್ಲಿ ಲಗತ್ತಿಸಿದ್ದೇನೆ. ದಯವಿಟ್ಟು ಇವನ್ನೇ ಪರಿಗಣಿಸಿ."

ಕೆಳಗೆ ಹೆಸರು, ಮೊಬೈಲ್ ಸಂಖ್ಯೆ. ಗಡಿಬಿಡಿಯಲ್ಲಿದ್ದೆ, ಹಲವು ಕಡೆ ಅರ್ಜಿ ಹಾಕುತ್ತಿದ್ದೆ ಎಂಬ ವಿವರಣೆ ಬೇಡವೇ ಬೇಡ. ಅದು ತಪ್ಪನ್ನು ಹಗುರ ಮಾಡುವುದಿಲ್ಲ. ಬೇರೆ ಕಂಪನಿಯ ಹೆಸರನ್ನಂತೂ ಎತ್ತಲೇಬಾರದು. ಕ್ಷಮೆಯನ್ನು ಒಮ್ಮೆ ಕೇಳಿದರೆ ಸಾಕು.

ಇದನ್ನೆಲ್ಲ ಅದೇ ದಿನ ಮಾಡಿದರೆ ಫಲ ಹೆಚ್ಚು, ಏಕೆಂದರೆ ಬಂದ ಅರ್ಜಿಗಳನ್ನು ಒಟ್ಟಿಗೆ ತೆರೆಯುವ ಕಡೆ ತಪ್ಪು ಫೈಲನ್ನು ಇನ್ನೂ ಯಾರೂ ನೋಡಿರದ ಸಾಧ್ಯತೆ ಇದೆ. ಅರ್ಜಿ ಪೋರ್ಟಲ್ ಮೂಲಕ ಹೋಗಿದ್ದರೆ ಮೊದಲು ಅಲ್ಲಿಯೇ ಫೈಲ್ ಬದಲಿಸಲು ಅವಕಾಶವಿದೆಯೇ ನೋಡಬೇಕು. ಇಲ್ಲದಿದ್ದರೆ ಮಾತ್ರ ಇಮೇಲ್. ಸ್ನೇಹಿತರ ರೆಸ್ಯೂಮೆಯೋ ಮನೆಯವರ ಆಧಾರ್ ಪ್ರತಿಯೋ ಹೋಗಿದ್ದರೆ, ಆ ಫೈಲನ್ನು ಅಳಿಸಿಹಾಕುವಂತೆ ಒಂದು ಸಾಲು ಸೇರಿಸಬೇಕು ಮತ್ತು ಸಂಬಂಧಪಟ್ಟವರಿಗೆ ವಿಷಯ ತಿಳಿಸಬೇಕು.

ಸಂದರ್ಶನಕ್ಕೆ ಕರೆ ಬಂದ ಮೇಲೆ ಹಳೆಯ ರೆಸ್ಯೂಮೆ ಹೋಗಿದ್ದು ಗೊತ್ತಾದರೆ ದೀರ್ಘ ಕ್ಷಮಾಪಣೆ ಬೇಕಿಲ್ಲ. ಕರೆಯನ್ನು ಒಪ್ಪಿಕೊಳ್ಳುವ ಉತ್ತರದಲ್ಲೇ ಹೊಸ ಪ್ರತಿ ಸೇರಿಸಿ, ಒಂದು ಮುದ್ರಿತ ಪ್ರತಿಯನ್ನೂ ಕೊಂಡೊಯ್ದರೆ ಸಾಕು. ಮರು ಇಮೇಲ್ ಒಂದು ಅರ್ಜಿಗೆ ಒಮ್ಮೆ ಮಾತ್ರ. ಆದ್ದರಿಂದ Send ಒತ್ತುವ ಮೊದಲು ಲಗತ್ತಾದ ಫೈಲನ್ನು ಇಮೇಲ್‌ನೊಳಗಿನಿಂದಲೇ ತೆರೆದು, ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೆ ಓದಿ ನೋಡಿ.