ಹೊರಟವರಿಗೊಂದು, ಉಳಿದವರಿಗೊಂದು

ನ್ಯೂಜಿಲೆಂಡಿನಲ್ಲಿ 1982ರಲ್ಲಿ ಆರಂಭವಾದ ಕೋಹಂಗಾ ರಿಯೊ ಎಂಬ ಮಾವೊರಿ ಶಿಶುಶಾಲೆಗಳಲ್ಲಿ ಹಾಡಿಗೆ ದೊಡ್ಡ ಜಾಗವಿದೆ. ಹೊಸ ಮಗುವಿಗೆ ವಂದನೆ ಕಲಿಸಲು ಹಾಡು ಸಾಕಲ್ಲವೇ ಎಂದರೆ, ಅರ್ಧ ಮಾತ್ರ ಸಾಕು. ಹಾಡು ದೀರ್ಘಸ್ವರವನ್ನೂ ಲಯವನ್ನೂ ನಾಲಿಗೆಗೆ ಕೂರಿಸುತ್ತದೆ. ಯಾರಿಗೆ ಏನನ್ನಬೇಕೆಂಬುದನ್ನು ಕಲಿಸುವುದು ಅಭಿನಯವೇ. ಮಾವೊರಿಯಲ್ಲಿ ಎದುರಿಗೆ ಒಬ್ಬರಿದ್ದರೆ ‘ತೇನಾ ಕೋಯೆ’, ಇಬ್ಬರಿದ್ದರೆ ‘ತೇನಾ ಕೋರುವಾ’, ಮೂವರು ಅಥವಾ ಹೆಚ್ಚಿದ್ದರೆ ‘ತೇನಾ ಕೊವುತೊವು’. ಇದನ್ನು ವಿವರಿಸಹೊರಟರೆ ನಾಲ್ಕು ವರ್ಷದ ಮಗು ಕಿಟಕಿ ನೋಡುತ್ತದೆ. ಬದಲಿಗೆ ಒಂದು ಮಗುವನ್ನು ಎದುರು ನಿಲ್ಲಿಸಿ ವಂದಿಸಿ, ಇನ್ನೊಂದನ್ನು ಕರೆದು ವಂದಿಸಿ, ಮೂರನೆಯದು ಓಡಿಬಂದಾಗ ಮತ್ತೆ ವಂದಿಸಿದರೆ ವ್ಯಾಕರಣ ಕಣ್ಣೆದುರೇ ನಿಂತಿರುತ್ತದೆ.

ಹೀಗೆ ಮತ್ತೆ ಮತ್ತೆ ಹೇಳಿಸುವುದು ಗಿಳಿಪಾಠವೆಂಬ ಆಕ್ಷೇಪ ಸುಳ್ಳಲ್ಲ. ಇಡೀ ತರಗತಿ ಒಂದೇ ದನಿಯಲ್ಲಿ ಒಪ್ಪಿಸುವಾಗ ಅದು ಗಿಳಿಪಾಠವೇ. ಬೀಳ್ಕೊಡುಗೆಯಲ್ಲಿ ಅದು ಬೇಗ ಬಯಲಾಗುತ್ತದೆ. ಉಳಿಯುವವರು ಹೊರಡುವವರಿಗೆ ‘ಹಾಯೆರೆ ರಾ’ ಎನ್ನುತ್ತಾರೆ, ಹೊರಡುವವರು ಉಳಿಯುವವರಿಗೆ ‘ಎ ನೊಹೊ ರಾ’. (‘ಹೋಗಿ ಬನ್ನಿ’, ‘ಹೋಗಿ ಬರ್ತೀನಿ’ ಎನ್ನುವ ನಮಗೆ ಈ ಹಂಚಿಕೆ ಹೊಸದೇನಲ್ಲ.) ಎರಡನ್ನೂ ಒಟ್ಟಿಗೆ ಹಾಡಿಸಿದರೆ ಮಗು ಬಾಗಿಲಲ್ಲಿ ಶಿಕ್ಷಕಿಯ ಮಾತನ್ನೇ ಅವಳಿಗೆ ಹಿಂತಿರುಗಿಸುತ್ತದೆ. ಹಾಗೆಂದು ಪುನರಾವರ್ತನೆಯನ್ನು ಬಿಡಬೇಕಿಲ್ಲ, ಪಾತ್ರ ಬದಲಿಸಬೇಕು: ಒಮ್ಮೆ ಮಗು ಚೀಲ ಹಿಡಿದು ಹೊರಡಲಿ, ಮತ್ತೊಮ್ಮೆ ಶಿಕ್ಷಕಿ ಹೊರಟು ಮಗು ಉಳಿಯಲಿ. ರಾಗ ನಿಲ್ಲಿಸಿ, ಹೇಳಿಕೊಡದೆ, ಶಿಕ್ಷಕಿ ಸುಮ್ಮನೆ ಬಾಗಿಲತ್ತ ನಡೆದಾಗ ಮಗು ಸರಿಯಾದುದನ್ನು ಆರಿಸಿದರೆ ಕಲಿಕೆ ಆಗಿದೆ.