ಹಣ ತಲುಪುವುದು, ಲೆಕ್ಕ ತೀರುವುದು: ಬ್ಯಾಂಕ್ ವರ್ಗಾವಣೆಯ ವೇಗವನ್ನು ಕುರಿತು

ಭಾರತದ ಬ್ಯಾಂಕ್ ವರ್ಗಾವಣೆ ವ್ಯವಸ್ಥೆಗಳನ್ನು ಹೋಲಿಸುವವರು ಸಾಮಾನ್ಯವಾಗಿ ಐಎಂಪಿಎಸ್ ಮತ್ತು ಯುಪಿಐಗಳನ್ನು ಮೊದಲ ಸ್ಥಾನದಲ್ಲಿಯೂ ಆರ್‌ಟಿಜಿಎಸ್ಸನ್ನು ಎರಡನೆಯದರಲ್ಲಿಯೂ ಎನ್‌ಇಎಫ್‌ಟಿಯನ್ನು ಕೊನೆಯಲ್ಲಿಯೂ ಇರಿಸುತ್ತಾರೆ. ಹಣ ಪಡೆಯುವವನ ಖಾತೆಗೆ ಜಮಾ ಎಷ್ಟು ಬೇಗ ಬೀಳುತ್ತದೆ ಎಂಬುದನ್ನು ಮಾತ್ರ ನೋಡಿದರೆ ಈ ಕ್ರಮ ಸರಿಯೇ. ಆದರೆ ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಹಣ ಹೋಗುವಾಗ ನಡೆಯುವ ಕೆಲಸಗಳು ಎರಡು: ಪಡೆಯುವವನ ಖಾತೆಗೆ ಜಮಾ ಮಾಡುವುದು ಒಂದಾದರೆ, ಎರಡು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟಿರುವ ತಮ್ಮ ತಮ್ಮ ಖಾತೆಗಳ ಮೂಲಕ ಪರಸ್ಪರ ಬಾಕಿಯನ್ನು ತೀರಿಸಿಕೊಳ್ಳುವುದು ಇನ್ನೊಂದು. ಎರಡನೆಯ ಕೆಲಸವನ್ನು ಬ್ಯಾಂಕಿಂಗ್ ಪರಿಭಾಷೆಯಲ್ಲಿ ಇತ್ಯರ್ಥ ಎನ್ನಲಾಗುತ್ತದೆ. ಈ ಎರಡನ್ನು ಬೇರ್ಪಡಿಸಿ ನೋಡಿದಾಗ ಮೇಲಿನ ಕ್ರಮ ಅರ್ಧ ತಲೆಕೆಳಗಾಗುತ್ತದೆ. ಅತ್ಯಂತ ವೇಗದ್ದೆಂದು ಹೆಸರಾದ ಐಎಂಪಿಎಸ್ಸಿನಲ್ಲಿ ಗ್ರಾಹಕನಿಗೆ ಹಣ ಸಿಕ್ಕ ಎಷ್ಟೋ ಹೊತ್ತಿನ ಮೇಲೆ ಬ್ಯಾಂಕುಗಳ ಲೆಕ್ಕ ತೀರುತ್ತದೆ. ನಿಧಾನದ್ದೆಂಬ ಅಪಖ್ಯಾತಿಯ ಎನ್‌ಇಎಫ್‌ಟಿಯಲ್ಲಿ ಲೆಕ್ಕ ತೀರಿದ ಮೇಲೆಯೇ ಜಮಾ ಬೀಳುತ್ತದೆ.

2004ರ ಮಾರ್ಚ್‌ನಲ್ಲಿ ಆರಂಭವಾದ ಆರ್‌ಟಿಜಿಎಸ್, ಪ್ರತಿಯೊಂದು ಪಾವತಿಯನ್ನೂ ಬಿಡಿಯಾಗಿ, ಬಂದ ಕೂಡಲೇ, ಪೂರ್ಣ ಮೊತ್ತದಲ್ಲಿ ಇತ್ಯರ್ಥ ಮಾಡುತ್ತದೆ. ಕಳುಹಿಸುವ ಬ್ಯಾಂಕಿನ ರಿಸರ್ವ್ ಬ್ಯಾಂಕ್ ಖಾತೆಯಲ್ಲಿ ಆ ಕ್ಷಣಕ್ಕೆ ಅಷ್ಟು ಹಣ ಇರಬೇಕು. ಇಲ್ಲದಿದ್ದರೆ ಪಾವತಿ ಸರದಿಯಲ್ಲಿ ಕಾಯುತ್ತದೆ. ಇದರ ಕನಿಷ್ಠ ಮೊತ್ತ ಎರಡು ಲಕ್ಷ ರೂಪಾಯಿ. 2005ರ ನವೆಂಬರ್‌ನಲ್ಲಿ ಬಂದ ಎನ್‌ಇಎಫ್‌ಟಿ ಇದಕ್ಕೆ ವಿರುದ್ಧವಾಗಿ ಅರ್ಧ ಗಂಟೆಗೊಮ್ಮೆ ಪಾವತಿಗಳನ್ನು ಬ್ಯಾಚ್, ಅಂದರೆ ಕಟ್ಟುಗಳಾಗಿ ಕೂಡಿಸಿ, ಯಾರು ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಒಂದಕ್ಕೊಂದು ವಜಾ ಮಾಡಿ, ಉಳಿದ ನಿವ್ವಳ ಬಾಕಿಯನ್ನು ಮಾತ್ರ ತೀರಿಸುತ್ತದೆ.

ಈ ವಜಾ ಲೆಕ್ಕವೇ ಎನ್‌ಇಎಫ್‌ಟಿಯ ನಿಧಾನಕ್ಕೆ ಕಾರಣ. ಅದರ ಹೆಚ್ಚುಗಾರಿಕೆಯೂ ಅಲ್ಲಿಯೇ ಇದೆ. ಒಂದು ಅರ್ಧ ಗಂಟೆಯಲ್ಲಿ ಮೊದಲನೆಯ ಬ್ಯಾಂಕಿನ ಗ್ರಾಹಕರು ಎರಡನೆಯ ಬ್ಯಾಂಕಿನ ಗ್ರಾಹಕರಿಗೆ 90 ಕೋಟಿ ರೂಪಾಯಿ ಕಳುಹಿಸಿದರು, ಎರಡನೆಯ ಬ್ಯಾಂಕಿನವರು ಮೊದಲನೆಯದಕ್ಕೆ 70 ಕೋಟಿ ಮತ್ತು ಮೂರನೆಯದಕ್ಕೆ 50 ಕೋಟಿ ಕಳುಹಿಸಿದರು, ಮೂರನೆಯ ಬ್ಯಾಂಕಿನವರು ಮೊದಲನೆಯದಕ್ಕೆ 10 ಕೋಟಿ ಕಳುಹಿಸಿದರು ಎಂದಿಟ್ಟುಕೊಳ್ಳೋಣ. ಗ್ರಾಹಕರು ಕಳುಹಿಸಿದ ಒಟ್ಟು ಹಣ 220 ಕೋಟಿ. ವಜಾ ಮಾಡಿದಾಗ ಮೊದಲನೆಯ ಬ್ಯಾಂಕು 10 ಕೋಟಿಯನ್ನೂ ಎರಡನೆಯದು 30 ಕೋಟಿಯನ್ನೂ ಕೊಡಬೇಕಾಗುತ್ತದೆ, ಮೂರನೆಯದು 40 ಕೋಟಿ ಪಡೆಯುತ್ತದೆ. ಅಂದರೆ ನಿಜವಾಗಿ ಕೈಬದಲಾಗುವುದು ಕೇವಲ 40 ಕೋಟಿ. ಸಂತೆಯ ಸಾಲಗಾರರು ದಿನದ ಕೊನೆಗೆ ಒಬ್ಬರ ಬಾಕಿಗೆ ಇನ್ನೊಬ್ಬರ ಬಾಕಿ ಸರಿಹೊಂದಿಸಿ ಉಳಿದ ಚಿಲ್ಲರೆಯನ್ನಷ್ಟೇ ಎಣಿಸಿಕೊಳ್ಳುವ ಪದ್ಧತಿಗೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಇದೇ ಪಾವತಿಗಳು ಆರ್‌ಟಿಜಿಎಸ್ ಮೂಲಕ ಬಿಡಿಬಿಡಿಯಾಗಿ ಹೋಗಿದ್ದರೆ, ಬರಬೇಕಾದ ಹಣ ಇನ್ನೂ ಬಾರದಿರುವಾಗಲೇ ಹೋಗಬೇಕಾದ ಹಣವನ್ನು ಬ್ಯಾಂಕುಗಳು ಸಿದ್ಧವಾಗಿ ಇಟ್ಟುಕೊಳ್ಳಬೇಕಾಗುತ್ತಿತ್ತು. ಕೆಲವು ಸಾವಿರ ರೂಪಾಯಿಯ ಕೋಟ್ಯಂತರ ವರ್ಗಾವಣೆಗಳಿಗೆ ಅಂಥ ಏರ್ಪಾಡು ದುಬಾರಿ. ಆದ್ದರಿಂದ ಅರ್ಧ ಗಂಟೆಯ ಕಾಯುವಿಕೆಯನ್ನು ಹಳೆಯ ತಂತ್ರಜ್ಞಾನದ ಕುರುಹು ಎಂದು ಬಗೆಯುವುದು ತಪ್ಪು. ಹಣ ಉಳಿಸುವುದಕ್ಕಾಗಿ ಬುದ್ಧಿಪೂರ್ವಕವಾಗಿ ಕೊಟ್ಟ ಬೆಲೆ ಅದು.

2010ರ ನವೆಂಬರ್‌ನಲ್ಲಿ ರಾಷ್ಟ್ರೀಯ ಪಾವತಿ ನಿಗಮ ಆರಂಭಿಸಿದ ಐಎಂಪಿಎಸ್ ಬೇರೆ ದಾರಿ ಹಿಡಿಯಿತು. ಕಳುಹಿಸುವ ಬ್ಯಾಂಕು ತನ್ನ ಗ್ರಾಹಕನ ಖಾತೆಯಿಂದ ಹಣ ಕಡಿದು ನಿಗಮದ ಕೇಂದ್ರಕ್ಕೆ ಸಂದೇಶ ಕಳುಹಿಸುತ್ತದೆ, ಕೇಂದ್ರ ಅದನ್ನು ಪಡೆಯುವ ಬ್ಯಾಂಕಿಗೆ ದಾಟಿಸುತ್ತದೆ, ಆ ಬ್ಯಾಂಕು ಕೂಡಲೇ ಜಮಾ ಮಾಡಿ ಉತ್ತರ ಕೊಡುತ್ತದೆ. ಇಷ್ಟೂ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆದರೆ ಈ ಹೊತ್ತಿಗೆ ಪಡೆಯುವ ಬ್ಯಾಂಕಿಗೆ ಎದುರು ಬ್ಯಾಂಕಿನಿಂದ ಬಿಡಿಗಾಸೂ ಬಂದಿರುವುದಿಲ್ಲ. ದಿನದಲ್ಲಿ ನಿಗದಿಯಾದ ಆವರ್ತಗಳಲ್ಲಿ ನಿಗಮ ನಿವ್ವಳ ಬಾಕಿಯನ್ನು ಲೆಕ್ಕಹಾಕಿ ರಿಸರ್ವ್ ಬ್ಯಾಂಕಿನ ಪುಸ್ತಕಗಳಲ್ಲಿ ತೀರಿಸುವವರೆಗೆ ಅದು ತನ್ನ ಕೈಯಿಂದ ಮುಂಗಡ ಕೊಟ್ಟಂತೆಯೇ ಸರಿ. 2016ರಲ್ಲಿ ಬಂದ ಯುಪಿಐ ಕೂಡ ಈ ತಳಹದಿಯ ಮೇಲೆಯೇ ನಿಂತಿದೆ. ನಡುವೆ ಒಂದು ಬ್ಯಾಂಕು ಮುಗ್ಗರಿಸಿದರೆ ಏನು ಗತಿ ಎಂಬ ಪ್ರಶ್ನೆ ಪುಸ್ತಕದ ಪ್ರಶ್ನೆಯೇನೂ ಅಲ್ಲ. 1974ರ ಜೂನ್ 26ರಂದು ಜರ್ಮನಿಯ ಕಲೋನ್ ನಗರದ ಹೆರ್‌ಸ್ಟಾಟ್ ಬ್ಯಾಂಕನ್ನು ಅಧಿಕಾರಿಗಳು ಮುಚ್ಚಿಸಿದಾಗ, ಅದಕ್ಕೆ ಆಗಲೇ ಜರ್ಮನ್ ಮಾರ್ಕುಗಳನ್ನು ಕೊಟ್ಟಿದ್ದ ಬ್ಯಾಂಕುಗಳಿಗೆ ನ್ಯೂಯಾರ್ಕಿನಲ್ಲಿ ಬರಬೇಕಿದ್ದ ಡಾಲರುಗಳು ಬರಲಿಲ್ಲ. ವಹಿವಾಟಿನ ಒಂದು ಬದಿ ತೀರಿ ಇನ್ನೊಂದು ಬದಿ ತೀರದೆ ಉಳಿಯುವ ಅಪಾಯಕ್ಕೆ ಇಂದಿಗೂ ಆ ಬ್ಯಾಂಕಿನ ಹೆಸರೇ ಅಂಟಿಕೊಂಡಿದೆ. ಐಎಂಪಿಎಸ್ಸಿನಲ್ಲಿ ಈ ಅಪಾಯವನ್ನು ತಡೆಯಲು ಪ್ರತಿ ಬ್ಯಾಂಕಿಗೂ ನಿವ್ವಳ ಬಾಕಿಯ ಮಿತಿಯೊಂದನ್ನು ಗೊತ್ತುಪಡಿಸಲಾಗಿದೆ, ಅದರ ಹಿಂದೆ ಖಾತರಿ ನಿಧಿಯ ಏರ್ಪಾಡೂ ಇದೆ.

ಇಲ್ಲಿ ಗಮನಿಸಬೇಕಾದ ಒಂದು ಸ್ವಾರಸ್ಯವಿದೆ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕು ಐಎಂಪಿಎಸ್‌ನ ಮಿತಿಯನ್ನು ಎರಡು ಲಕ್ಷದಿಂದ ಐದು ಲಕ್ಷಕ್ಕೆ ಏರಿಸುವುದಾಗಿ ಪ್ರಕಟಿಸಿದಾಗ ಕೊಟ್ಟ ಕಾರಣ ಮೊಬೈಲ್ ತಂತ್ರಜ್ಞಾನದ ಸುಧಾರಣೆಯಲ್ಲ, ಆರ್‌ಟಿಜಿಎಸ್ ಹಗಲಿರುಳು ನಡೆಯತೊಡಗಿದ್ದು. 2020ರ ಡಿಸೆಂಬರ್ 14ರಿಂದ ಆರ್‌ಟಿಜಿಎಸ್‌ಗೆ ರಾತ್ರಿಯೂ ಇಲ್ಲ, ರಜೆಯೂ ಇಲ್ಲ. ಅದರಿಂದಾಗಿ ಐಎಂಪಿಎಸ್‌ನ ಇತ್ಯರ್ಥದ ಆವರ್ತಗಳನ್ನು ಹೆಚ್ಚಿಸಲು ಸಾಧ್ಯವಾಗಿ, ಬ್ಯಾಂಕುಗಳ ನಡುವೆ ಬಾಕಿ ಗುಡ್ಡೆಬೀಳುವುದು ತಗ್ಗಿತು. ಗ್ರಾಹಕನ ಕಣ್ಣಿಗೆ ಬೀಳುವ ವೇಗಕ್ಕೆ ಮಿತಿ ಹಾಕಿದ್ದು ಅವನಿಗೆ ಕಾಣದ ಇನ್ನೊಂದು ವೇಗ.

ಒಂದು ಉದಾಹರಣೆಯನ್ನು ಕೊನೆಯವರೆಗೆ ಹಿಡಿದು ನೋಡಬಹುದು. ದಾವಣಗೆರೆಯ ಜವಳಿ ವ್ಯಾಪಾರಿಯೊಬ್ಬ ಶನಿವಾರ ಸಂಜೆ 7 ಗಂಟೆ 10 ನಿಮಿಷಕ್ಕೆ ಸೂರತ್ತಿನ ಸರಬರಾಜುದಾರನಿಗೆ ಮೂರು ಲಕ್ಷ ರೂಪಾಯಿ ಕಳುಹಿಸುತ್ತಾನೆಂದು ಭಾವಿಸಿದರೆ, ಎನ್‌ಇಎಫ್‌ಟಿಯಲ್ಲಿ ಅದು 7.30ರ ಬ್ಯಾಚಿಗೆ ಸೇರಿ, ನಿಯಮದಂತೆ ಆ ಬ್ಯಾಚಿನ ಇತ್ಯರ್ಥವಾದ ಎರಡು ಗಂಟೆಯೊಳಗೆ, ಅಂದರೆ ಹೆಚ್ಚೆಂದರೆ ಒಂಬತ್ತೂವರೆಗೆ, ಜಮಾ ಆಗಬೇಕು. ಆರ್‌ಟಿಜಿಎಸ್ ಆರಿಸಿಕೊಂಡರೆ ಸಂದೇಶ ತಲುಪಿದ ಅರ್ಧ ಗಂಟೆಯೊಳಗೆ ಜಮಾ ಮಾಡುವ ಹೊಣೆ ಪಡೆಯುವ ಬ್ಯಾಂಕಿನದು. ಐಎಂಪಿಎಸ್ಸಾದರೆ ಕೆಲವು ಸೆಕೆಂಡು ಸಾಕು. ಇದೇ ವ್ಯಾಪಾರಿ 2019ರ ಬೇಸಿಗೆಯಲ್ಲಿ ಇದೇ ಹೊತ್ತಿಗೆ ಎನ್‌ಇಎಫ್‌ಟಿ ಮಾಡಿದ್ದರೆ ದಿನದ ಕೊನೆಯ ಬ್ಯಾಚು ಏಳು ಗಂಟೆಗೇ ಮುಗಿದಿರುತ್ತಿದ್ದುದರಿಂದ ಹಣ ಸೋಮವಾರ ಬೆಳಗಿನವರೆಗೆ ಕಾಯಬೇಕಿತ್ತು. ದಿನಕ್ಕೆ 48 ಬ್ಯಾಚುಗಳ, ರಜೆಯಿಲ್ಲದ ಎನ್‌ಇಎಫ್‌ಟಿ ಬಂದದ್ದು 2019ರ ಡಿಸೆಂಬರ್ 16ರಿಂದ. ಮರುದಿನದ ಬಾಬತ್ತು ಎಂಬ ಜನರ ಎಣಿಕೆ ಆ ಹಳೆಯ ದಿನಗಳ ನೆನಪು ಅಷ್ಟೇ. ಸಂಬಳ, ಸಹಾಯಧನ, ಸಾಲದ ಕಂತುಗಳಂಥ ಸಗಟು ಪಾವತಿಗಳನ್ನು ನಡೆಸುವ ಎನ್‌ಎಸಿಎಚ್ ಇಂದಿಗೂ ಕಡತಗಳನ್ನು ಮುಂಚಿತವಾಗಿ ಪಡೆದು ನಿಗದಿತ ದಿನಕ್ಕೆ ತೀರಿಸುತ್ತದೆ. ದಿನಾಂಕ ಮೊದಲೇ ಗೊತ್ತಿರುವ ಪಾವತಿಗೆ ಸೆಕೆಂಡುಗಳ ವೇಗದಿಂದ ಆಗಬೇಕಾದದ್ದೇನೂ ಇಲ್ಲ.

ವ್ಯವಸ್ಥೆಗಳ ನಿಜವಾದ ಗುಣ ತಿಳಿಯುವುದು ಅವು ಕೆಟ್ಟಾಗ. ಮೇಲಿನ ಐಎಂಪಿಎಸ್ ವರ್ಗಾವಣೆಯಲ್ಲಿ ಸೂರತ್ತಿನ ಬ್ಯಾಂಕಿನ ಉತ್ತರ ಗೊತ್ತಾದ ಹೊತ್ತಿನೊಳಗೆ ಹಿಂದಿರುಗಲಿಲ್ಲ ಎಂದಾದರೆ, ಸಂದೇಶ ಅಲ್ಲಿಗೆ ತಲುಪಲೇ ಇಲ್ಲವೋ, ತಲುಪಿ ಜಮಾ ಆಗಲಿಲ್ಲವೋ, ಅಥವಾ ಜಮಾ ಆಗಿ ಉತ್ತರ ಮಾತ್ರ ಕಳೆದುಹೋಯಿತೋ ಎಂಬುದು ಕಳುಹಿಸಿದ ಬ್ಯಾಂಕಿಗೆ ಆ ಕ್ಷಣದಲ್ಲಿ ತಿಳಿಯುವುದಿಲ್ಲ. ಇಂಥ ಹೊತ್ತಿನಲ್ಲಿ ವ್ಯಾಪಾರಿ ಅವಸರಪಟ್ಟು ಇನ್ನೊಮ್ಮೆ ಕಳುಹಿಸಿದರೆ ಎರಡು ಸಲ ಹಣ ಹೋಗುವ ಸಂಭವವಿದೆ. 12 ಅಂಕಿಗಳ ವಹಿವಾಟು ಸಂಖ್ಯೆಯನ್ನು ಸರಬರಾಜುದಾರನಿಗೆ ಕಳುಹಿಸಿ ಅವನ ಬ್ಯಾಂಕಿನಲ್ಲಿ ವಿಚಾರಿಸುವುದೇ ಸುರಕ್ಷಿತ ದಾರಿ. ಮೂರರಲ್ಲಿ ಯಾವುದು ನಿಜವೆಂಬುದು ಖಚಿತವಾಗುವುದು ಎರಡೂ ಬ್ಯಾಂಕುಗಳ ಪಟ್ಟಿಗಳನ್ನು ತಾಳೆ ನೋಡಿದಾಗ. ಜಮಾ ಆಗದ ಹಣವನ್ನು ಮರುದಿನದೊಳಗೆ ಹಿಂದಿರುಗಿಸಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ಹೇಳುತ್ತದೆ. ಅಂದರೆ ತತ್‌ಕ್ಷಣದ ವ್ಯವಸ್ಥೆ ಎಡವಿದ ಕೂಡಲೇ ಮರುದಿನದ ವೇಗಕ್ಕೆ ಇಳಿಯುತ್ತದೆ. ಎನ್‌ಇಎಫ್‌ಟಿಯಲ್ಲಿ ಗೊಂದಲ ಇಷ್ಟಿಲ್ಲ: ಬ್ಯಾಚು ಇತ್ಯರ್ಥವಾದ ಮೇಲೆ ಹಣ ಪಡೆಯುವ ಬ್ಯಾಂಕಿನ ಬಳಿ ಇದೆಯೆಂಬುದು ನಿಶ್ಚಿತ, ಅದು ಜಮಾ ಮಾಡಬೇಕು ಇಲ್ಲವೇ ವಾಪಸು ಕಳುಹಿಸಬೇಕು, ಜಮಾ ಆದಾಗ ಕಳುಹಿಸಿದವನ ಬ್ಯಾಂಕಿಗೆ ಖಚಿತಪಡಿಸುವ ಸಂದೇಶವೂ ಬರುತ್ತದೆ. 16 ಅಕ್ಷರಗಳ ಯುಟಿಆರ್ ಸಂಖ್ಯೆಯೊಂದಿದ್ದರೆ ಹಣದ ಜಾಡು ಹಿಡಿಯಬಹುದು.

ತಪ್ಪು ಖಾತೆ ಸಂಖ್ಯೆಯ ವಿಷಯದಲ್ಲಿ ಮಾತ್ರ ನಿಧಾನದ ವ್ಯವಸ್ಥೆಗಳಿಗೆ ಹಿರಿಮೆಯಿಲ್ಲ. ಜಮಾ ನಡೆಯುವುದು ಸಂಖ್ಯೆಯ ಆಧಾರದಿಂದಲೇ ಹೊರತು ಹೆಸರಿನಿಂದಲ್ಲ. ಯುಪಿಐನಲ್ಲಿ ಹೆಸರು ಮೊದಲೇ ಕಾಣುತ್ತಿದ್ದರೂ, ಮೊತ್ತ ದೊಡ್ಡದಿರುವ ಆರ್‌ಟಿಜಿಎಸ್, ಎನ್‌ಇಎಫ್‌ಟಿಗಳಲ್ಲಿ ಪಡೆಯುವವನ ಹೆಸರನ್ನು ಮುಂಚೆಯೇ ತೋರಿಸುವ ಸೌಲಭ್ಯಕ್ಕೆ ರಿಸರ್ವ್ ಬ್ಯಾಂಕು ಕೊಟ್ಟ ಗಡುವು 2025ರ ಏಪ್ರಿಲ್ 1. ಎಚ್ಚರಿಕೆ ಹೆಚ್ಚು ಬೇಕಾದ ಕಡೆಯೇ ಅದು ತಡವಾಗಿ ಬಂದಿತು ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿದೆ.

ಎನ್‌ಇಎಫ್‌ಟಿಯ ದೋಷವನ್ನು ಹುಡುಕುವುದಾದರೆ ಅರ್ಧ ಗಂಟೆಯ ಬ್ಯಾಚಿನಲ್ಲಿ ಅಲ್ಲ, ಅದರ ಅನಂತರದ ಎರಡು ಗಂಟೆಯಲ್ಲಿ ಹುಡುಕಬೇಕು. ಐಎಂಪಿಎಸ್ ಸಂದೇಶಕ್ಕೆ ಸೆಕೆಂಡುಗಳಲ್ಲಿ ಜಮಾ ಮಾಡಬಲ್ಲ ಬ್ಯಾಂಕಿಗೆ, ತನ್ನ ಕೈಗೆ ಹಣ ಬಂದು ಸೇರಿದ ಮೇಲೂ ಎರಡು ಗಂಟೆಯ ಅವಕಾಶ ಕೊಡುವುದಕ್ಕೆ ತಾಂತ್ರಿಕ ಕಾರಣ ಈಗ ಉಳಿದಂತೆ ತೋರುವುದಿಲ್ಲ. ದಂಡದ ನಿಯಮವೂ ಇದೇ ಸಡಿಲತೆಯನ್ನು ಮುಂದುವರಿಸುತ್ತದೆ. ಎನ್‌ಇಎಫ್‌ಟಿ ತಡವಾದರೆ ಬ್ಯಾಂಕು ಗ್ರಾಹಕನಿಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ದರ, ಮತ್ತು ಅದರ ಮೇಲೆ ಶೇಕಡಾ ಎರಡು ಸೇರಿಸಿ ಬಡ್ಡಿ ಕೊಡಬೇಕು. ರೆಪೊ ದರ ಶೇಕಡಾ 5.5 ಎಂದಿಟ್ಟುಕೊಂಡರೆ ಒಂದು ಲಕ್ಷ ರೂಪಾಯಿ ಒಂದು ದಿನ ತಡವಾದದ್ದಕ್ಕೆ ಸಿಗುವುದು ಸುಮಾರು ಇಪ್ಪತ್ತು ರೂಪಾಯಿ. ಐಎಂಪಿಎಸ್ಸಿನಲ್ಲಾದರೋ ಮರುದಿನದ ಗಡುವು ದಾಟಿದ ಮೇಲೆ, ಸಿಕ್ಕಿಬಿದ್ದ ಮೊತ್ತ ಐನೂರು ರೂಪಾಯಿಯಾಗಿದ್ದರೂ ದಿನಕ್ಕೆ ನೂರು ರೂಪಾಯಿ ಪರಿಹಾರ. ಒಂದು ಮೊತ್ತಕ್ಕೆ ತಕ್ಕಂತೆ ಏರುತ್ತದೆ, ಇನ್ನೊಂದು ಏರುವುದಿಲ್ಲ. ಎರಡೂ ಸರಿದೂಗುವುದು ಮೊತ್ತ ಹೆಚ್ಚುಕಡಿಮೆ ಐದು ಲಕ್ಷ ಮುಟ್ಟಿದಾಗ. ಐದು ಲಕ್ಷವೇ ಐಎಂಪಿಎಸ್‌ನ ಗರಿಷ್ಠ ಮಿತಿಯಾದ್ದರಿಂದ, ಅದರೊಳಗಿನ ಬಹುತೇಕ ಎಲ್ಲ ಮೊತ್ತಗಳಿಗೂ ಎನ್‌ಇಎಫ್‌ಟಿಯಲ್ಲಿ ತಡಮಾಡುವುದು ಬ್ಯಾಂಕಿಗೆ ಅಗ್ಗ.